ಕೊಳವೆಬಾವಿಯೋ, ಟ್ಯಾಂಕರ್ ನೀರೋ?

ನಲ್ಲಿಯ ನೀರು ತಲುಪದ ಬಡಾವಣೆಯಲ್ಲಿ ಮನೆ ಕಟ್ಟುವವನಿಗೆ ಎರಡೇ ಮಾರ್ಗಗಳು: ನೆಲವನ್ನು ಕೊರೆಯಿಸಬೇಕು, ಇಲ್ಲವೇ ನೀರನ್ನು ಕೊಳ್ಳಬೇಕು. ಇವುಗಳಲ್ಲಿ ಯಾವುದು ಅಗ್ಗವೆಂಬುದು ಊಹೆಯ ಮಾತಲ್ಲ, ಲೆಕ್ಕದ ಮಾತು. ಬೆಂಗಳೂರಿನ ಹೊರವಲಯದ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮನೆಯಲ್ಲಿ ಐವರಿದ್ದಾರೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಪ್ರಮಾಣ. ಐವರಿಗೆ 675 ಲೀಟರು. ತಿಂಗಳಿಗೆ ಸುಮಾರು 20,000 ಲೀಟರು. ಇದನ್ನು 20 ಕಿಲೋಲೀಟರು ಎನ್ನೋಣ. ಮಾಳಿಗೆಯ ಮೇಲಣ ತೊಟ್ಟಿ, ನೆಲದೊಳಗಿನ ಸಂಪು ಇವೆರಡೂ ಎರಡು ಮಾರ್ಗಗಳಿಗೂ ಬೇಕು. ಆದ್ದರಿಂದ ಅವುಗಳ ವೆಚ್ಚವನ್ನು ಹೋಲಿಕೆಯಿಂದ ಬಿಟ್ಟುಬಿಡಬಹುದು. ಎರಡು ತಟ್ಟೆಗಳಲ್ಲಿಯೂ ಸಮನಾಗಿರುವ ತೂಕ ತಕ್ಕಡಿಯನ್ನು ವಾಲಿಸುವುದಿಲ್ಲವಷ್ಟೆ.

ಮೊದಲು ಟ್ಯಾಂಕರಿನ ಲೆಕ್ಕ. 2024ರ ಮಾರ್ಚಿಯ ಅಭಾವದಲ್ಲಿ ಬೆಂಗಳೂರಿನ ಜಿಲ್ಲಾಡಳಿತವು 6,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 600 ರೂಪಾಯಿ, 5ರಿಂದ 10 ಕಿಲೋಮೀಟರಿಗೆ 750 ರೂಪಾಯಿ ಎಂದು ದರ ಗೊತ್ತುಮಾಡಿತು. ಎರಡನೆಯ ದರವನ್ನು ಹಿಡಿದರೆ ಕಿಲೋಲೀಟರಿಗೆ 125 ರೂಪಾಯಿ ಬೀಳುತ್ತದೆ. ವರ್ಷದ 240 ಕಿಲೋಲೀಟರಿಗೆ 30,000 ರೂಪಾಯಿ.

ಇನ್ನು ಬಾವಿ. 800 ಅಡಿ ಕೊರೆಯಲು 90,000, ಮೇಲಣ ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಕೊಳವೆಗೆ 45,000, ಪಂಪು, ಪೈಪು, ಕೇಬಲ್ ಮತ್ತು ಸ್ಟಾರ್ಟರುಗಳಿಗೆ 1,15,000, ಒಟ್ಟು ಎರಡೂವರೆ ಲಕ್ಷ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳೋಣ. ಬಾವಿ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 25,000 ಸವೆದಂತಾಯಿತು. ಈ ಹಣ ಬ್ಯಾಂಕಿನಲ್ಲಿದ್ದಿದ್ದರೆ ಬಡ್ಡಿ ಬರುತ್ತಿತ್ತು. ಅಸಲು ವರ್ಷವರ್ಷಕ್ಕೂ ಕರಗುವುದರಿಂದ ಅದರ ಅರ್ಧಕ್ಕೆ ಮಾತ್ರ ಶೇಕಡಾ 7ರಂತೆ ಲೆಕ್ಕಹಾಕಿದರೂ 8,750 ಆಗುತ್ತದೆ. ಪಂಪನ್ನು ಆಗಾಗ ಮೇಲೆತ್ತಿ ದುರಸ್ತಿ ಮಾಡಿಸಲು ವರ್ಷಕ್ಕೆ 6,000 ಎನ್ನೋಣ.

ವಿದ್ಯುತ್ತಿನ ವೆಚ್ಚವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಗಣಿಸಬಹುದು. ಒಂದು ಕಿಲೋಲೀಟರು ನೀರಿನ ತೂಕ 1,000 ಕಿಲೋಗ್ರಾಂ. ಅದನ್ನು 200 ಮೀಟರು ಎತ್ತಲು 1000 × 9.8 × 200, ಅಂದರೆ 19,60,000 ಜೌಲುಗಳ ಕೆಲಸ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟು 36 ಲಕ್ಷ ಜೌಲುಗಳಾದುದರಿಂದ ಇದು 0.54 ಯೂನಿಟ್ಟು. ಪಂಪು ಮತ್ತು ಮೋಟಾರುಗಳ ಒಟ್ಟು ದಕ್ಷತೆ ಶೇಕಡಾ 40 ಎಂದು ಹಿಡಿದರೆ ಸುಮಾರು 1.36 ಯೂನಿಟ್ಟು. ಯೂನಿಟ್ಟಿಗೆ 7 ರೂಪಾಯಿಯಂತೆ ಕಿಲೋಲೀಟರಿಗೆ ಹತ್ತು ರೂಪಾಯಿಗಿಂತ ತುಸು ಕಡಿಮೆ. ವರ್ಷಕ್ಕೆ 2,400 ಎನ್ನಬಹುದು. ಎಲ್ಲವನ್ನೂ ಕೂಡಿದರೆ 42,150 ರೂಪಾಯಿ. ನೀರು ಸಿಕ್ಕಿದ ಬಾವಿಯೇ ಆದರೂ ಒಂಟಿ ಮನೆಗೆ ಅದು ಟ್ಯಾಂಕರಿಗಿಂತ ದುಬಾರಿ! ಟ್ಯಾಂಕರಿನ ದರ ಸುಮಾರು 1,050 ರೂಪಾಯಿಗಳನ್ನು ಮೀರಿದಾಗ ಮಾತ್ರ ತಕ್ಕಡಿ ಬಾವಿಯ ಕಡೆಗೆ ವಾಲುತ್ತದೆ.

ಇದಕ್ಕೆ ಕಾರಣವೇನು? ಬಾವಿಯ ವೆಚ್ಚದಲ್ಲಿ ಬಹುಭಾಗ ಸ್ಥಿರವಾದುದು. ಹೆಚ್ಚು ನೀರೆತ್ತಿದರೂ ಕಡಿಮೆ ಎತ್ತಿದರೂ ಅದು ಅಷ್ಟೇ. ಟ್ಯಾಂಕರಿನ ವೆಚ್ಚವಾದರೋ ಬಳಸಿದಷ್ಟು. ಅದೇ ಬಾವಿಯನ್ನು ನಾಲ್ಕು ಮನೆಗಳವರು ಹಂಚಿಕೊಂಡರೆ 39,750 ರೂಪಾಯಿಗಳ ಸ್ಥಿರ ವೆಚ್ಚ ನಾಲ್ಕು ಪಾಲಾಗಿ, ವಿದ್ಯುತ್ತೂ ಸೇರಿ, ಮನೆಯೊಂದಕ್ಕೆ ಸುಮಾರು 12,300 ಮಾತ್ರ ಬೀಳುತ್ತದೆ. ನಾಲ್ಕು ಮನೆಗಳಿಗೆ ದಿನಕ್ಕೆ ಬೇಕಾದ 2,700 ಲೀಟರನ್ನು, ಗಂಟೆಗೆ 500 ಲೀಟರು ಕೊಡುವ ಸಾಧಾರಣ ಬಾವಿಯೂ ಐದೂವರೆ ಗಂಟೆಗಳಲ್ಲಿ ಒದಗಿಸಬಲ್ಲದು.

ಆದರೆ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಎಂಬ ಗಟ್ಟಿ ಶಿಲೆ. ಮರಳಿನಂತೆ ಅದರ ಮೈಯಲ್ಲೆಲ್ಲ ನೀರು ನಿಲ್ಲದು. ಮೇಲಣ ಶಿಥಿಲ ಪದರದಲ್ಲಿಯೂ ಆಳದ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಬಿರುಕು ತಾಕಿದರೆ ನೀರು. ತಪ್ಪಿದರೆ ಕಲ್ಲಿನ ಪುಡಿ. ಪಕ್ಕದ ನಿವೇಶನದಲ್ಲಿ ನೀರು ಬಂದಿತೆಂಬುದು ಇಲ್ಲಿಯೂ ಬರುವುದಕ್ಕೆ ಪ್ರಮಾಣವಲ್ಲ. ಮೊದಲನೆಯದು ಬರಿದಾಗಿ ಎರಡನೆಯದನ್ನು ಕೊರೆಯಿಸಿದರೆ, ಕೊರೆತ ಮತ್ತು ಕೇಸಿಂಗಿನ 1,35,000 ರೂಪಾಯಿಯೂ ಅದರ ಬಡ್ಡಿಯೂ ಸೇರಿ, ಒಂಟಿ ಮನೆಯ ವಾರ್ಷಿಕ ವೆಚ್ಚ 60,000ಕ್ಕೇರುತ್ತದೆ. ಇದಲ್ಲದೆ, 2011ರ ಕರ್ನಾಟಕ ಅಂತರ್ಜಲ ಕಾಯಿದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಿಸುವ ಮೊದಲೇ ಅನುಮತಿ ಪಡೆಯತಕ್ಕದ್ದು.

ಸಿಕ್ಕ ನೀರೂ ಶಾಶ್ವತವಲ್ಲ. ಬಾವಿಯ ಆರೋಗ್ಯವನ್ನು ಅರಿಯಲು ಒಂದು ಗಡಿಯಾರ ಸಾಕು. 1,000 ಲೀಟರಿನ ತೊಟ್ಟಿ ತುಂಬಲು ಎರಡು ಗಂಟೆ ಹಿಡಿಯುತ್ತಿದ್ದುದು ಮೂರು ಗಂಟೆಯಾದರೆ, ಅಥವಾ ಪೈಪಿನಿಂದ ನೀರಿನೊಡನೆ ಗಾಳಿ ಬುಸುಗುಟ್ಟಿ ಬಂದರೆ, ಬಹುಮಟ್ಟಿಗೆ ಜಲಮಟ್ಟ ಕುಸಿಯುತ್ತಿದೆಯೆಂದು ತಿಳಿಯಬೇಕು. ಆಗಲೂ ಪಂಪನ್ನು ಓಡಿಸುತ್ತಲೇ ಇದ್ದರೆ, ತಂಪುಗೊಳಿಸುವ ನೀರಿಲ್ಲದೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಬಾವಿ ಐದೇ ವರ್ಷಕ್ಕೆ ಬತ್ತಿದರೆ ಸವೆತ ಇಮ್ಮಡಿಸಿ, ಒಂಟಿ ಮನೆಯ ವೆಚ್ಚ ವರ್ಷಕ್ಕೆ 67,000 ದಾಟುತ್ತದೆ. ನಾಲ್ಕು ಮನೆಗಳು ಕೂಡಿದ್ದರೆ ಆಗಲೂ ಮನೆಯೊಂದಕ್ಕೆ 18,600 ಮಾತ್ರ. ಟ್ಯಾಂಕರಿನ 30,000ಕ್ಕಿಂತ ಕಡಿಮೆಯೇ. ಆದುದರಿಂದ ಕೊರೆಯುವ ಯಂತ್ರವನ್ನು ಕರೆಸುವ ಮೊದಲು ನೆರೆಯವರ ಬಾಗಿಲನ್ನು ತಟ್ಟುವುದು ಲೇಸು.