ಆರು ವೋಲ್ಟಿನ ಬ್ಯಾಟರಿ ಕೊಡುವುದು ಯಾವಾಗ, ಪಡೆಯುವುದು ಯಾವಾಗ?

ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ, ಆರು ವೋಲ್ಟಿನ ಇನ್ನೊಂದು. ಎರಡರ ಧನ ತುದಿಗಳನ್ನೂ ಒಂದೇ ಬಿಂದುವಿಗೆ, ಋಣ ತುದಿಗಳನ್ನೂ ಇನ್ನೊಂದು ಬಿಂದುವಿಗೆ ಜೋಡಿಸಿ, ಆ ಎರಡು ಬಿಂದುಗಳ ನಡುವೆ 2 ಓಮ್ ರೋಧದ ಒಂದು ದೀಪ ಇಟ್ಟರೆ ಏನಾಗುತ್ತದೆ? ದ್ವಿತೀಯ ಪಿಯುಸಿಯ ವಿದ್ಯುತ್ ಪ್ರವಾಹದ ಅಧ್ಯಾಯದಲ್ಲಿ ಈ ಬಗೆಯ ಲೆಕ್ಕ ತಪ್ಪದೆ ಬರುತ್ತದೆ. ಎರಡು ಬ್ಯಾಟರಿಗಳೂ ಸೇರಿಯೇ ದೀಪಕ್ಕೆ ವಿದ್ಯುತ್ ಕೊಡುತ್ತವೆ ಎಂಬುದು ಹೆಚ್ಚಿನವರ ಮೊದಲ ಊಹೆ. ಆದರೆ ಲೆಕ್ಕ ಮಾಡಿದಾಗ ಹೊರಬರುವ ಸಂಗತಿಯೇ ಬೇರೆ.

ಮೊದಲು ಮಾಹಿತಿಯನ್ನು ಪೂರ್ಣಗೊಳಿಸಬೇಕು. ಯಾವ ಬ್ಯಾಟರಿಯ ಒಳಗೂ ಪ್ರವಾಹಕ್ಕೆ ಒಂದಿಷ್ಟು ಅಡ್ಡಿ ಇದ್ದೇ ಇರುತ್ತದೆ. ಅದೇ ಆಂತರಿಕ ರೋಧ. ಈ ಲೆಕ್ಕದಲ್ಲಿ 12 ವೋಲ್ಟಿನದಕ್ಕೆ 1 ಓಮ್, 6 ವೋಲ್ಟಿನದಕ್ಕೆ 2 ಓಮ್ ಎಂದಿರಲಿ. ಹತ್ತನೆಯ ತರಗತಿಯಲ್ಲಿ ಕಲಿತ ಸರಣಿ ಮತ್ತು ಸಮಾಂತರ ಜೋಡಣೆಯ ಸೂತ್ರಗಳು ಇಲ್ಲಿ ನೇರವಾಗಿ ನಡೆಯುವುದಿಲ್ಲ. ಒಂದು ರೋಧದಲ್ಲಿ ಹರಿದ ಪ್ರವಾಹವೇ ಇನ್ನೊಂದರಲ್ಲೂ ಪೂರ್ತಿ ಹರಿದರೆ ಮಾತ್ರ ಅವು ಸರಣಿಯಲ್ಲಿವೆ ಎನ್ನಬಹುದು. ಇಲ್ಲಿ ಕವಲು ಬರುವಲ್ಲಿ ಪ್ರವಾಹ ಹಂಚಿಹೋಗುತ್ತದೆ. ರೋಧಗಳೆಲ್ಲ ಸಮಾಂತರದಲ್ಲಿವೆ ಎನ್ನುವಂತೆಯೂ ಇಲ್ಲ, ಏಕೆಂದರೆ ನಡುವೆ ಬ್ಯಾಟರಿಗಳು ಕುಳಿತಿವೆ.

ಇಂಥ ಮಂಡಲಗಳನ್ನು ಬಿಡಿಸುವ ದಾರಿಯನ್ನು 1845ರಲ್ಲಿ ತೋರಿಸಿದವನು ಗುಸ್ತಾವ್ ಕಿರ್ಚಾಫ್. ಅವನಿಗೆ ಆಗಿನ್ನೂ ಇಪ್ಪತ್ತೊಂದು ವರ್ಷ. ಪ್ರಷ್ಯಾದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಜ್ ನಾಯ್ಮನ್ ಬಳಿ ಓದುತ್ತಿದ್ದ ವಿದ್ಯಾರ್ಥಿ. ಓಮ್ ತನ್ನ ನಿಯಮವನ್ನು ಪ್ರಕಟಿಸಿ ಹದಿನೆಂಟು ವರ್ಷ ಕಳೆದಿತ್ತು. ಕಿರ್ಚಾಫ್ ಅದಕ್ಕೆ ಎರಡು ಮಾತು ಸೇರಿಸಿದ. ಇಂದಿಗೂ ಲೆಕ್ಕ ನಡೆಯುವುದು ಅವುಗಳ ಮೇಲೆಯೇ.

ಮೊದಲನೆಯದು ಸಂಧಿ ನಿಯಮ. ತಂತಿಗಳು ಕೂಡುವ ಬಿಂದುವಿಗೆ ಎಷ್ಟು ಪ್ರವಾಹ ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಸ್ಥಿರ ಪ್ರವಾಹ ಇರುವಾಗ ಸಂಧಿಯಲ್ಲಿ ವಿದ್ಯುದಂಶ ಗುಡ್ಡೆಯಾಗಿ ಕೂರುವುದಿಲ್ಲ, ಅಲ್ಲೇ ಹುಟ್ಟುವುದೂ ಇಲ್ಲ. ಎರಡನೆಯದು ಲೂಪ್ ನಿಯಮ. ಮಂಡಲದ ಒಂದು ಬಿಂದುವಿನಿಂದ ಹೊರಟು, ಯಾವುದಾದರೂ ಮುಚ್ಚಿದ ದಾರಿಯಲ್ಲಿ ಸುತ್ತಿ, ಮತ್ತೆ ಅದೇ ಬಿಂದುವಿಗೆ ಬಂದರೆ, ದಾರಿಯಲ್ಲಿ ಸಿಕ್ಕ ವಿಭವದ ಏರಿಳಿತಗಳ ಮೊತ್ತ ಸೊನ್ನೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಏರಿ, ಡಾಂಬರು ರಸ್ತೆ ಹಿಡಿದು ಇಳಿದು, ಹೊರಟ ಜಾಗಕ್ಕೇ ಬಂದು ನಿಂತವನು ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ ಅಲ್ಲವೇ, ಹಾಗೆ.

ಈಗ ಹಾಳೆಯ ಮೇಲೆ ಚಿತ್ರ ಬರೆಯೋಣ. ಮೇಲೊಂದು ಸಂಧಿ, ಕೆಳಗೊಂದು ಸಂಧಿ, ನಡುವೆ ಮೂರು ಕವಲು. ಎಡಗವಲಿನಲ್ಲಿ 12 ವೋಲ್ಟಿನ ಬ್ಯಾಟರಿ, ನಡುಗವಲಿನಲ್ಲಿ 6 ವೋಲ್ಟಿನದು, ಬಲಗವಲಿನಲ್ಲಿ ದೀಪ. ಬ್ಯಾಟರಿಗಳ ಧನ ತುದಿ ಮೇಲಕ್ಕಿದೆ. ಲೆಕ್ಕ ಶುರುವಾಗುವ ಮೊದಲೇ ಪ್ರತಿ ಕವಲಿಗೂ ಒಂದು ಬಾಣದ ಗುರುತು ಹಾಕಬೇಕು. ಪ್ರವಾಹ ನಿಜವಾಗಿ ಯಾವ ಕಡೆ ಹರಿಯುತ್ತದೆ ಎಂದು ಆಗಲೇ ಗೊತ್ತಿರಬೇಕಿಲ್ಲ. ಎಡಗವಲಿನಲ್ಲಿ I₁ ಮೇಲಕ್ಕೆ, ನಡುಗವಲಿನಲ್ಲಿ I₂ ಮೇಲಕ್ಕೆ ಎಂದು ಇಟ್ಟುಕೊಂಡರೆ, ಸಂಧಿ ನಿಯಮದ ಪ್ರಕಾರ ದೀಪದಲ್ಲಿ I₁ + I₂ ಕೆಳಕ್ಕೆ ಇಳಿಯುತ್ತದೆ. ದೀಪಕ್ಕೆ I₃ ಎಂಬ ಹೊಸ ಹೆಸರು ಕೊಡದೆ ಹೀಗೆ ಬರೆದುಕೊಂಡರೆ ಸಂಧಿ ನಿಯಮದ ಕೆಲಸ ಚಿತ್ರದಲ್ಲೇ ಮುಗಿಯುತ್ತದೆ; ಉಳಿಯುವುದು ಎರಡೇ ಅಜ್ಞಾತಗಳು.

ಇನ್ನು ಚಿಹ್ನೆಗಳು. ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ರೋಧವನ್ನು ದಾಟುವಾಗ ನಾವು ಬಾಣದ ದಿಕ್ಕಿನಲ್ಲೇ ಹೋದರೆ ವಿಭವ ಇಳಿಯುತ್ತದೆ, ಬಾಣಕ್ಕೆ ಎದುರಾಗಿ ಹೋದರೆ ಏರುತ್ತದೆ. ಬ್ಯಾಟರಿಯ ವಿಷಯ ಹಾಗಲ್ಲ. ಋಣದಿಂದ ಧನಕ್ಕೆ ದಾಟಿದರೆ ಏರಿಕೆ, ಧನದಿಂದ ಋಣಕ್ಕೆ ದಾಟಿದರೆ ಇಳಿಕೆ. ಅಲ್ಲಿ ಪ್ರವಾಹದ ಬಾಣ ಯಾವ ಕಡೆಗಿದೆ ಎಂದು ನೋಡಲೇಬಾರದು. ಬಾಣ ನೋಡಿ ಬ್ಯಾಟರಿಯ ಚಿಹ್ನೆಯನ್ನು ಬದಲಿಸುವುದು ಈ ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಎಡಗವಲನ್ನು ಹತ್ತಿ ದೀಪದ ಕವಲಿನಲ್ಲಿ ಇಳಿಯುವ ಸುತ್ತಿನಿಂದ ಮೊದಲ ಸಮೀಕರಣ, ನಡುಗವಲನ್ನು ಹತ್ತಿ ದೀಪದಲ್ಲಿ ಇಳಿಯುವ ಸುತ್ತಿನಿಂದ ಎರಡನೆಯದು:

12 − 1·I₁ − 2(I₁ + I₂) = 0
6 − 2·I₂ − 2(I₁ + I₂) = 0

ಮೊದಲನೆಯದನ್ನು ಸರಳಗೊಳಿಸಿದರೆ 3I₁ + 2I₂ = 12. ಎರಡನೆಯದನ್ನು ಎರಡರಿಂದ ಭಾಗಿಸಿದರೆ I₁ + 2I₂ = 3. ಒಂದರಿಂದ ಇನ್ನೊಂದನ್ನು ಕಳೆದರೆ 2I₁ = 9, ಅಂದರೆ I₁ = 4.5 ಆಂಪಿಯರ್. ಅದನ್ನು ಎರಡನೆಯದರಲ್ಲಿ ಇಟ್ಟರೆ I₂ = −0.75 ಆಂಪಿಯರ್. ದೀಪದಲ್ಲಿ ಇವೆರಡರ ಮೊತ್ತ, 3.75 ಆಂಪಿಯರ್.

ಋಣ ಚಿಹ್ನೆ ಕಂಡ ಕೂಡಲೇ ಎಲ್ಲೋ ಎಡವಟ್ಟಾಯಿತೆಂದು ಇಡೀ ಪುಟಕ್ಕೆ ಗೀಟು ಹಾಕುವ ವಿದ್ಯಾರ್ಥಿಗಳಿದ್ದಾರೆ. ಇಡೀ ಲೆಕ್ಕದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಆ ಪುಟ್ಟ ಗೆರೆಯಲ್ಲೇ ಇದೆ. ನಡುಗವಲಿನಲ್ಲಿ ಪ್ರವಾಹ ನಾವು ಊಹಿಸಿದ್ದಕ್ಕೆ ವಿರುದ್ಧವಾಗಿ, ಮೇಲಿನಿಂದ ಕೆಳಕ್ಕೆ ಹರಿಯುತ್ತಿದೆ. ಅಂದರೆ 6 ವೋಲ್ಟಿನ ಬ್ಯಾಟರಿಯ ಧನ ತುದಿಯಿಂದಲೇ ಪ್ರವಾಹ ಒಳಗೆ ನುಗ್ಗುತ್ತಿದೆ. ಅದು ದೀಪಕ್ಕೆ ಏನನ್ನೂ ಕೊಡುತ್ತಿಲ್ಲ. 12 ವೋಲ್ಟಿನ ಬ್ಯಾಟರಿಯಿಂದ ತಾನೇ ಪಡೆಯುತ್ತಿದೆ. ರೀಚಾರ್ಜ್ ಮಾಡಬಹುದಾದ ಬ್ಯಾಟರಿಯಾದರೆ ಅದು ಚಾರ್ಜ್ ಆಗುತ್ತಿದೆ ಎಂದೇ ಅರ್ಥ.

ಇಲ್ಲಿ ಬಾಣವನ್ನು ತಿರುಗಿಸಿ ಮತ್ತೆ ಸಮೀಕರಣ ಬರೆಯುವ ಅಗತ್ಯವಿಲ್ಲ. ಬೆಲೆಯನ್ನು ಅದರ ಚಿಹ್ನೆಯ ಸಮೇತ ಮುಂದಿನ ಹೆಜ್ಜೆಗೆ ಒಯ್ದರೆ ಸಾಕು. ಲೆಕ್ಕದ ನಡುವೆ ಬಾಣ ತಿರುಗಿಸಿ, ಒಂದು ಸಮೀಕರಣವನ್ನು ತಿದ್ದಿ ಇನ್ನೊಂದನ್ನು ಹಾಗೇ ಬಿಟ್ಟರೆ ಮಾತ್ರ ಉತ್ತರ ಕೈತಪ್ಪುತ್ತದೆ.

ಉತ್ತರ ಸರಿಯೇ ಎಂದು ನೋಡಲು ಇನ್ನೂ ಬಳಸದ ಒಂದು ಸುತ್ತು ಉಳಿದಿದೆ. ಎಡಗವಲನ್ನು ಹತ್ತಿ ನಡುಗವಲಿನಲ್ಲಿ ಇಳಿಯೋಣ: 12 − I₁ + 2I₂ − 6. ಇಳಿಯುವಾಗ I₂ ಬಾಣಕ್ಕೆ ಎದುರಾಗಿ ಹೋಗುತ್ತಿರುವುದರಿಂದ 2I₂ಗೆ ಧನ ಚಿಹ್ನೆ. ಬೆಲೆಗಳನ್ನಿಟ್ಟರೆ 12 − 4.5 − 1.5 − 6, ಸರಿಯಾಗಿ ಸೊನ್ನೆ. ಬ್ಯಾಟರಿಗಳ ತುದಿಗಳ ನಡುವಿನ ವೋಲ್ಟೇಜನ್ನೂ ನೋಡಬಹುದು. ಮೊದಲನೆಯದು ಪ್ರವಾಹ ಕೊಡುತ್ತಿರುವುದರಿಂದ 12 − 4.5 = 7.5. ಎರಡನೆಯದು ಪಡೆಯುತ್ತಿರುವುದರಿಂದ 6 + 1.5 = 7.5. ದೀಪದ ಎರಡು ತುದಿಗಳ ನಡುವೆ 3.75 × 2, ಅದೂ 7.5. ಮೂರೂ ಒಂದೇ ಎರಡು ಸಂಧಿಗಳ ನಡುವೆ ಇರುವುದರಿಂದ ಹಾಗೆಯೇ ಬರಬೇಕು. ಆರು ವೋಲ್ಟಿನ ಬ್ಯಾಟರಿಗೆ ವೋಲ್ಟ್‌ಮೀಟರ್ ಹಚ್ಚಿದರೆ ಏಳೂವರೆ ತೋರಿಸುತ್ತದೆ ಎಂಬುದು ಮೊದಲ ಸಲ ಕೇಳಿದವರಿಗೆ ನಂಬಲು ಕಷ್ಟ, ಆದರೆ ಚಾರ್ಜ್ ಆಗುತ್ತಿರುವ ಯಾವ ಬ್ಯಾಟರಿಯೂ ಹೀಗೆಯೇ.

ಶಕ್ತಿಯ ಜಮಾಖರ್ಚೂ ತಾಳೆಯಾಗುತ್ತದೆ. ದೊಡ್ಡ ಬ್ಯಾಟರಿ ಪ್ರತಿ ಸೆಕೆಂಡಿಗೆ ಕೊಡುವುದು 12 × 4.5, ಅಂದರೆ 54 ಜೂಲ್. ಅದರಲ್ಲಿ ದೀಪಕ್ಕೆ ಸೇರುವುದು 28.125. ಸಣ್ಣ ಬ್ಯಾಟರಿಯಲ್ಲಿ ಜಮೆಯಾಗುವುದು 4.5. ಉಳಿದ 21.375 ಜೂಲ್ ಎರಡು ಬ್ಯಾಟರಿಗಳ ಒಡಲೊಳಗೇ ಬಿಸಿಯಾಗಿ ಹೋಗುತ್ತದೆ.

ಸಣ್ಣ ಬ್ಯಾಟರಿ ಯಾವಾಗಲೂ ಹೀಗೆ ಪಡೆಯುತ್ತಲೇ ಇರುತ್ತದೆಯೇ? ಇಲ್ಲ. ದೀಪದ ಬದಲು 1 ಓಮ್ ರೋಧ ಇಟ್ಟು ಅದೇ ಲೆಕ್ಕ ಮಾಡಿದರೆ I₁ ಸರಿಯಾಗಿ 6 ಆಂಪಿಯರ್, I₂ ಸೊನ್ನೆ ಬರುತ್ತದೆ. ಸಂಧಿಗಳ ನಡುವಿನ ವೋಲ್ಟೇಜ್ ಆಗ 6ಕ್ಕೇ ಇಳಿದಿರುತ್ತದೆ. ಸಣ್ಣ ಬ್ಯಾಟರಿ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ರೋಧವನ್ನು ಇನ್ನೂ ಇಳಿಸಿ 0.4 ಓಮ್ ಮಾಡಿದರೆ ವೋಲ್ಟೇಜ್ 3.75ಕ್ಕೆ ಕುಸಿಯುತ್ತದೆ, ಆಗ ಸಣ್ಣ ಬ್ಯಾಟರಿಯೂ 1.125 ಆಂಪಿಯರ್ ಕೊಟ್ಟು ಕೈಜೋಡಿಸುತ್ತದೆ. ಯಾವ ಬ್ಯಾಟರಿ ಕೊಡುತ್ತದೆ ಎಂಬುದು ಅದರ ಮೇಲೆ ಬರೆದ ಸಂಖ್ಯೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದರ ಇಎಂಎಫ್, ಸಂಧಿಗಳ ನಡುವಿನ ವೋಲ್ಟೇಜಿಗಿಂತ ಹೆಚ್ಚಿದೆಯೇ ಕಡಿಮೆಯಿದೆಯೇ ಎಂಬುದೇ ಮುಖ್ಯ.

ಎಷ್ಟು ಸಮೀಕರಣ ಬರೆಯಬೇಕು ಎಂಬ ಗೊಂದಲವೂ ಸಾಮಾನ್ಯ. ಮೇಲಿನ ಸಂಧಿಗೂ ಕೆಳಗಿನ ಸಂಧಿಗೂ ಒಂದೊಂದು ಸಮೀಕರಣ ಬರೆದು, ಜೊತೆಗೆ ಒಂದು ಲೂಪ್ ಸೇರಿಸಿ, ಮೂರಾಯಿತೆಂದು ಬಿಡಿಸಲು ಕೂತರೆ ಲೆಕ್ಕ ಮುಂದೆ ಸಾಗುವುದಿಲ್ಲ. ಎರಡು ಸಂಧಿಗಳು ಹೇಳುವುದು ಒಂದೇ ಮಾತನ್ನು. ಮೂರು ಲೂಪ್‌ಗಳಲ್ಲೂ ಹಾಗೆಯೇ, ಎರಡನ್ನು ಬರೆದ ಮೇಲೆ ಮೂರನೆಯದು ಅವುಗಳ ವ್ಯತ್ಯಾಸವಷ್ಟೇ. ಅದು ತಾಳೆ ನೋಡಲು ಬರುತ್ತದೆ, ಉತ್ತರ ತರುವುದಿಲ್ಲ. ಇದನ್ನೂ ಕಿರ್ಚಾಫ್ 1847ರಲ್ಲಿ ಬಗೆಹರಿಸಿದ. ಕವಲುಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆ ಕಳೆದು ಒಂದು ಕೂಡಿಸಿದರೆ ಬೇಕಾದ ಲೂಪ್‌ಗಳ ಸಂಖ್ಯೆ ಸಿಗುತ್ತದೆ. ಇಲ್ಲಿ 3 − 2 + 1, ಅಂದರೆ ಎರಡು.

ಆಂತರಿಕ ರೋಧ ತೀರಾ ಸಣ್ಣದೆಂದು ಅದನ್ನು ಬಿಟ್ಟೇಬಿಟ್ಟರೆ ಈ ಲೆಕ್ಕಕ್ಕೆ ಉತ್ತರವೇ ಇರುವುದಿಲ್ಲ. ಎಡ ಮತ್ತು ನಡು ಕವಲುಗಳ ಸುತ್ತಿನಲ್ಲಿ ಆಗ 12 − 6 = 0 ಎಂದು ಬರೆಯಬೇಕಾಗುತ್ತದೆ. ದೀಪವನ್ನು ತೆಗೆದುಹಾಕಿದರೂ ಇದೇ ಸುತ್ತು ಜೀವಂತವಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ 6 ವೋಲ್ಟಿನ ವ್ಯತ್ಯಾಸವನ್ನು ಒಟ್ಟು 3 ಓಮ್ ತಡೆಯುತ್ತದೆ, ದೀಪವಿಲ್ಲದೆಯೂ 2 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ.

ಮನೆಯ ಇನ್‌ವರ್ಟರ್‌ಗೆ ಹಳೆಯ ಬ್ಯಾಟರಿಯ ಪಕ್ಕ ಹೊಸದನ್ನು ಸಮಾಂತರವಾಗಿ ಜೋಡಿಸಿದಾಗ ನಡೆಯುವುದೂ ಇದೇ. ಎರಡರ ಮೇಲೂ 12 ವೋಲ್ಟ್ ಎಂದೇ ಬರೆದಿರುತ್ತದೆ, ವ್ಯತ್ಯಾಸ ಅರ್ಧ ವೋಲ್ಟಿಗಿಂತ ಕಡಿಮೆ ಇರಬಹುದು. ಆದರೆ ಸೀಸ ಮತ್ತು ಆಮ್ಲದ ಬ್ಯಾಟರಿಗಳ ಆಂತರಿಕ ರೋಧ ಓಮಿನ ಸಾವಿರದ ಭಾಗಗಳ ಲೆಕ್ಕದಲ್ಲಿರುತ್ತದೆ. ವ್ಯತ್ಯಾಸ 0.4 ವೋಲ್ಟ್, ಎರಡು ಬ್ಯಾಟರಿ ಮತ್ತು ತಂತಿಗಳ ಒಟ್ಟು ರೋಧ 0.02 ಓಮ್ ಎಂದಿಟ್ಟುಕೊಂಡರೂ ಜೋಡಿಸಿದ ಕ್ಷಣದಲ್ಲಿ 20 ಆಂಪಿಯರ್ ಹರಿಯುತ್ತದೆ. ಎರಡರ ವೋಲ್ಟೇಜ್ ಹತ್ತಿರವಾದಂತೆ ಅದು ಇಳಿಯುತ್ತದೆ ನಿಜ, ಆದರೆ ಹಳೆಯದು ಚಾರ್ಜ್ ಹಿಡಿದಿಟ್ಟುಕೊಳ್ಳದಷ್ಟು ಸವೆದಿದ್ದರೆ ಹೊಸದರಿಂದ ಎಳೆದುಕೊಳ್ಳುವುದು ನಿಲ್ಲುವುದಿಲ್ಲ. ಇನ್‌ವರ್ಟರ್ ಮತ್ತು ಚಾರ್ಜರ್ ಎರಡನ್ನೂ ಆರಿಸಿ, ಬ್ಯಾಟರಿಗಳ ನಡುವಿನ ತಂತಿಗೆ ನೇರ ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ, ನಡುಗವಲಿನ ಆ ಋಣ ಚಿಹ್ನೆ ಅಲ್ಲಿ ಆಂಪಿಯರುಗಳಲ್ಲಿ ಕಾಣಿಸುತ್ತದೆ.