ಪುಡಿಯಾಗುವ ಆ ಕೆಲವು ಸೆಕೆಂಡುಗಳು

ಕರ್ನಾಟಕದ ಶಾಲೆಗಳಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದ ಮೇಲೆ ಬಿಸಿಯೂಟದ ಅಡುಗೆಯವರಿಗೆ ಹಾಲಿನ ಪುಡಿಯ ಸ್ವಭಾವ ಚೆನ್ನಾಗಿ ಪರಿಚಯವಾಗಿದೆ. ಪುಡಿಯನ್ನು ಒಮ್ಮೆಲೇ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಂಡು ಆಮೇಲೆ ಸಡಿಲಿಸಿದರೆ ಗಂಟು ಬಿಡುತ್ತದೆ. ಆದರೆ ಕೆಲವೊಮ್ಮೆ ಎಷ್ಟು ತಿರುವಿದರೂ ಪಾತ್ರೆಯ ತಳದಲ್ಲಿ ಬಿಳಿ ಚರಟ ಉಳಿಯುವುದುಂಟು. ಇದು ಅಡುಗೆಯವರ ಕೈಯಲ್ಲಿಲ್ಲ. ಕಾರ್ಖಾನೆಯ ಒಣಗಿಸುವ ಗೋಪುರದೊಳಗೆ, ಹನಿ ಕಾಳಾಗುವ ಕೆಲವೇ ಸೆಕೆಂಡುಗಳಲ್ಲಿ ಆಗಿಹೋದ ಕೆಲಸ.

ಗೋಪುರಕ್ಕೆ ಹಾಲು ನೇರವಾಗಿ ಹೋಗುವುದಿಲ್ಲ. ನಿರ್ವಾತದಲ್ಲಿ, ಕಡಿಮೆ ಶಾಖದಲ್ಲಿ ಕುದಿಸಿ, ಘನಾಂಶ ಶೇ 45–50ಕ್ಕೆ ಬರುವ ತನಕ ಅದನ್ನು ಬತ್ತಿಸುತ್ತಾರೆ. ಹೀಗೆ ಬತ್ತಿದ ಹಾಲು ಗೋಪುರದ ನೆತ್ತಿಯಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಚಕ್ರದ ಅಂಚಿನಿಂದ ಸಿಡಿದು ಮಂಜಾಗುತ್ತದೆ. ಹನಿಯ ವ್ಯಾಸ 50 ಮೈಕ್ರಾನ್ ಎಂದುಕೊಂಡರೆ ಒಂದು ಲೀಟರಿನ ಹನಿಗಳ ಒಟ್ಟು ಮೈ 120 ಚದರ ಮೀಟರು. ಅಷ್ಟು ಹರವಿಗೆ ಬಿಸಿಗಾಳಿ ತಗುಲುವುದರಿಂದಲೇ ನೀರು ಅಷ್ಟು ಬೇಗ ಹಾರಿಹೋಗುತ್ತದೆ. ಎಮ್ಮೆಯ ಹಾಲನ್ನು ಹೀಗೆ ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಅಮುಲ್‌ನ ಎಚ್.ಎಂ. ದಲಾಯ ಬಣ್ಣ ಸಿಂಪಡಿಸುವ ಗನ್ ಮತ್ತು ಬಿಸಿಗಾಳಿಯ ಹೀಟರ್ ಇಟ್ಟುಕೊಂಡು ಅದನ್ನು ಮಾಡಿ ತೋರಿಸಿದ್ದರು. 1955ರಲ್ಲಿ ಆನಂದ್‌ನಲ್ಲಿ ಕಾರ್ಖಾನೆಯೇ ಎದ್ದಿತು.

ಒಳಬರುವ ಗಾಳಿಯ ಶಾಖ ಸುಮಾರು 190 ಡಿಗ್ರಿ ಸೆಲ್ಸಿಯಸ್ ಎಂದರೆ ಹಾಲು ಸೀದುಹೋಗದೇ ಎಂಬ ಪ್ರಶ್ನೆ ಬರುವುದು ಸಹಜ. ಹೋಗುವುದಿಲ್ಲ. ಮೈಮೇಲೆ ನೀರಿರುವವರೆಗೆ ಬಂದ ಶಾಖವೆಲ್ಲ ಅದನ್ನು ಆವಿಯಾಗಿಸುವುದಕ್ಕೇ ಖರ್ಚಾಗಿ, ಹನಿ 45–50 ಡಿಗ್ರಿಯಲ್ಲೇ ನಿಂತಿರುತ್ತದೆ. ನೀರು ಒಳಗಿನಿಂದ ಹೊರಬರುವುದು ನಿಧಾನವಾದ ಮೇಲೆಯೇ ಕಾಳಿನ ಶಾಖ ಏರತೊಡಗುವುದು. ಅಷ್ಟರಲ್ಲಿ ಸುತ್ತಲಿನ ಗಾಳಿ ತಣ್ಣಗಾಗಿ, ಹೊರಹೋಗುವ ಗಾಳಿಯ ಮಟ್ಟಕ್ಕೆ, ಅಂದರೆ 90 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದ ಪುಡಿಯ ಗುಣಕ್ಕೆ ಇನ್‌ಲೆಟ್ ಶಾಖಕ್ಕಿಂತ ಔಟ್‌ಲೆಟ್ ಶಾಖವೇ ಹೆಚ್ಚು ಹತ್ತಿರದ ಸಂಬಂಧಿ.

ಹಾಗಾದರೆ ಇನ್‌ಲೆಟ್ ಏರಿಸಿದರೇನು? ಆಹಾರ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಡಿಸುವ ಲೆಕ್ಕ ಇದು. ಗಂಟೆಗೆ 1000 ಕೆ.ಜಿ. ಬತ್ತಿದ ಹಾಲು, ಘನಾಂಶ ಶೇ 48. ಪುಡಿಯಲ್ಲಿ ಶೇ 4 ತೇವ ಉಳಿಯಬೇಕು. 480 ಕೆ.ಜಿ. ಘನಾಂಶಕ್ಕೆ 20 ಕೆ.ಜಿ. ನೀರು ಸೇರಿ 500 ಕೆ.ಜಿ. ಪುಡಿಯಾಯಿತು. ಉಳಿದ 500 ಕೆ.ಜಿ. ನೀರು ಆವಿಯಾಗಬೇಕು. ಗೋಡೆಯ ನಷ್ಟ ಬಿಟ್ಟರೆ, 190ರಿಂದ 90ಕ್ಕೆ ಇಳಿಯುವ ಗಾಳಿ ಸುಮಾರು 12 ಟನ್ ಬೇಕು. ಇನ್‌ಲೆಟ್ 210ಕ್ಕೆ ಏರಿದರೆ 10 ಟನ್ನೇ ಸಾಕು. ಕಾಗದದ ಮೇಲೆ ಲಾಭವೇ. ಆದರೆ ಅಷ್ಟೇ ನೀರನ್ನು ಕಡಿಮೆ ಗಾಳಿ ಹೊತ್ತರೆ ಗಾಳಿಯ ತೇವ ಹೆಚ್ಚುತ್ತದೆ, ಔಟ್‌ಲೆಟ್ 90ರಲ್ಲೇ ಇದ್ದರೂ ಪುಡಿ ಹಸಿಯಾಗಿ ಬರುತ್ತದೆ. ತೇವ ತಗ್ಗಿಸಲು ಆಪರೇಟರ್ ಔಟ್‌ಲೆಟ್ ಏರಿಸಲೇಬೇಕು. ತೊಂದರೆ ಶುರುವಾಗುವುದು ಅಲ್ಲೇ. ಕಾಳಿನಲ್ಲಿ ಶೇ 10–30ರಷ್ಟು ನೀರು ಇರುವಾಗ ಶಾಖ ಹೆಚ್ಚಾದರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ, ಮತ್ತೆ ಕರಗದಂತಾಗುತ್ತವೆ.

ಹನಿ ದಪ್ಪವಾದರೂ ಇದೇ ಗತಿ. ವ್ಯಾಸ ಇಮ್ಮಡಿಯಾದರೆ ಒಣಗುವ ಸಮಯ ಸುಮಾರು ನಾಲ್ಕು ಪಟ್ಟು. ಬತ್ತಿದ ಹಾಲು ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ನಿಂತು ಮಂದವಾದರೆ ಚಕ್ರ ಅಷ್ಟೇ ವೇಗದಲ್ಲಿ ತಿರುಗಿದರೂ ಹನಿ ದಪ್ಪವಾಗುತ್ತದೆ, ಅದನ್ನು ಒಣಗಿಸಲು ಮತ್ತೆ ಔಟ್‌ಲೆಟ್ ಏರಬೇಕಾಗುತ್ತದೆ. ಚರಟ ಕಂಡಾಗ ಬರ್ನರಿನತ್ತ ಓಡುವ ಮುನ್ನ ಆ ಟ್ಯಾಂಕ್ ನೋಡುವುದು ಒಳ್ಳೆಯದು.

ಲ್ಯಾಬಿನಲ್ಲಿ ಪರೀಕ್ಷೆ ಸರಳ. ಕೆನೆಭರಿತ ಪುಡಿಯಾದರೆ 13 ಗ್ರಾಂ, ಸುಮಾರು 24 ಡಿಗ್ರಿಯ 100 ಮಿಲಿ ನೀರಿಗೆ ಹಾಕಿ ಮಿಕ್ಸರಿನಲ್ಲಿ 90 ಸೆಕೆಂಡು ತಿರುವಿ, ಗುರುತು ಹಾಕಿದ ಕೊಳವೆಯಲ್ಲಿ ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ನಿಂತ ಚರಟವನ್ನು ಮಿಲಿಲೀಟರಿನಲ್ಲಿ ಓದುತ್ತಾರೆ. ಸಿಂಪಡಿಸಿ ಒಣಗಿಸಿದ ಪುಡಿಗೆ ಭಾರತದ ಮಿತಿ 2 ಮಿಲಿ. ಕಾದ ರೋಲರಿನ ಮೇಲೆ ಒಣಗಿಸಿದ್ದಕ್ಕೆ 15ರವರೆಗೂ ರಿಯಾಯಿತಿ ಉಂಟು.

ಗಂಟಿನ ಕಥೆ ಬೇರೆ. ಅಲ್ಲಿ ತಪ್ಪಿತಸ್ಥ ತೀರಾ ನುಣ್ಣನೆಯ ಪುಡಿ. ನೀರು ತಾಗಿದೊಡನೆ ಹೊರಗಿನ ಕಾಳುಗಳು ಮೆತ್ತಗಾಗಿ ಅಂಟಿಕೊಂಡು ಪೊರೆ ಕಟ್ಟುತ್ತವೆ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಅದಕ್ಕೇ ಸೈಕ್ಲೋನಿನಲ್ಲಿ ಸಿಕ್ಕ ನುಣುಪು ಪುಡಿಯನ್ನು ಮತ್ತೆ ಚಕ್ರದ ಬಳಿಯ ಹಸಿ ಹನಿಗಳಿಗೆ ಊದಿ, ಗೊಂಚಲುಗಳಾಗಿ ಅಂಟಿಸುತ್ತಾರೆ. ಗೊಂಚಲಿನ ಸಂದುಗಳಲ್ಲಿ ನೀರು ಒಳನುಗ್ಗುತ್ತದೆ. ಈ ಗೊಂಚಲು ಕಟ್ಟುವುದಕ್ಕೆ ಪುಡಿ ಸ್ವಲ್ಪ ಹಸಿಯಾಗಿಯೇ ಗೋಪುರದಿಂದ ಇಳಿಯಬೇಕು, ಹಾಗಾಗಿ ಔಟ್‌ಲೆಟ್ ಶಾಖ ತಗ್ಗಿಸಬಹುದು. ಉಳಿದ ತೇವವನ್ನು ಕೆಳಗಿನ ಅದುರುವ ಜರಡಿಹಾಸು ನಿಮಿಷಗಟ್ಟಲೆ ಸಮಯ ತೆಗೆದುಕೊಂಡು ಹಾರಿಸುತ್ತದೆ. ಕೆನೆಭರಿತ ಪುಡಿಗೆ ಮಾತ್ರ ಇಷ್ಟೂ ಸಾಲದು. ಕಾಳಿನ ಮೈಮೇಲಿನ ಕೊಬ್ಬು ತಣ್ಣೀರನ್ನು ಹತ್ತಿರ ಸೇರಿಸದ ಕಾರಣ, ಥಟ್ಟನೆ ಕರಗಬೇಕಾದ ಪುಡಿಗೆ ಕೊನೆಯಲ್ಲಿ ತುಸು ಲೆಸಿಥಿನ್ ಸಿಂಪಡಿಸುತ್ತಾರೆ.