ದಶಲಕ್ಷ, ಶತಕೋಟಿ, ಅರ್ಬುದ: ಹಣಕಾಸಿನ ಅಂಕಿಗಳ ಅನುವಾದದಲ್ಲಿ ಸ್ಥಾನಮೌಲ್ಯ

ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ಜಲಾಶಯದಂತಹ ನೀರಾವರಿ ಯೋಜನೆಯೊಂದರ ಕಡತದಲ್ಲಿ ಎರಡು ಎಣಿಕೆಯ ಕ್ರಮಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ವೆಚ್ಚವನ್ನು ಲಕ್ಷ ರೂಪಾಯಿಗಳಲ್ಲಿ ಬರೆದರೆ, ನೀರಿನ ಸಂಗ್ರಹವನ್ನು ಟಿ.ಎಂ.ಸಿ.ಯಲ್ಲಿ ಬರೆಯುತ್ತಾರೆ. ಟಿ.ಎಂ.ಸಿ. ಎಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಇಂಗ್ಲಿಷಿನ ಬಿಲಿಯನ್ ಎಂಬುದೂ ಇದೇ ಸಂಖ್ಯೆ. ಆ ಹೆಸರನ್ನೇ ಕೇಳದ ರೈತನೂ ಜಲಾಶಯದ ಸುದ್ದಿಯಲ್ಲಿ ಅದರ ಪ್ರಮಾಣವನ್ನು ದಿನವೂ ಓದುತ್ತಿರುತ್ತಾನೆ. ನೀರಿನ ವಿಷಯದಲ್ಲಿ ತೊಡಕಾಗದ ಈ ಸಂಖ್ಯೆ ಹಣದ ವಿಷಯಕ್ಕೆ ಬಂದಾಗ ಅನುವಾದಕನನ್ನು ಎಡವಿಸುತ್ತದೆ.

ತೊಡಕಿನ ಮೂಲ ಅಂಕಿಗಳನ್ನು ಗುಂಪು ಮಾಡುವ ರೀತಿಯಲ್ಲಿದೆ. ಇಂಗ್ಲಿಷಿನಲ್ಲಿ ಮೂರು ಮೂರು ಸ್ಥಾನಗಳಿಗೆ ಹೆಸರು ಬದಲಾಗುತ್ತದೆ. ನಮ್ಮಲ್ಲಿ ಸಾವಿರದ ನಂತರ ಎರಡೆರಡು ಸ್ಥಾನಗಳಿಗೆ ಬದಲಾಗುತ್ತದೆ. ಆದುದರಿಂದ ಲಕ್ಷಕ್ಕೆ ಐದು ಸೊನ್ನೆ, ಮಿಲಿಯನ್ನಿಗೆ ಆರು, ಕೋಟಿಗೆ ಏಳು, ಬಿಲಿಯನ್ನಿಗೆ ಒಂಬತ್ತು. ಮಿಲಿಯನ್ ಎಂಬುದು ಲಕ್ಷ ಮತ್ತು ಕೋಟಿಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಕುಳಿತಿದೆ. ಅದನ್ನು ಅವಸರದಲ್ಲಿ ಯಾವ ಕಡೆಗೆ ತಳ್ಳಿದರೂ ಹತ್ತು ಪಟ್ಟಿನ ತಪ್ಪು.

ಒಂದು ಮಾದರಿಯನ್ನು ಬಿಡಿಸಿ ನೋಡಬಹುದು. ಕಾಲುವೆ ದುರಸ್ತಿಯ ಕನ್ನಡ ಪಟ್ಟಿಯೊಂದರ ತಲೆಬರಹದಲ್ಲಿ ‘ರೂ. ಲಕ್ಷಗಳಲ್ಲಿ’ ಎಂದಿದ್ದು, ಒಟ್ಟು ಮೊತ್ತದ ಕಡೆ 1,284.50 ಎಂದಿದೆಯೆಂದು ಭಾವಿಸೋಣ. ಇದನ್ನು ಮಿಲಿಯನ್ನಿಗೆ ತರಲು ಹೊರಟವನು ಮೊದಲು ತಲೆಬರಹವನ್ನು ಕಳಚಿ ಪೂರ್ಣ ರೂಪಾಯಿಗಳಲ್ಲಿ ಬರೆಯಬೇಕು: 12,84,50,000. ಬಳಿಕ ಅಲ್ಪವಿರಾಮಗಳನ್ನು ಅಳಿಸಿ, ಬಲದಿಂದ ಮೂರು ಮೂರು ಅಂಕಿಗಳಿಗೆ ಮತ್ತೆ ಹಾಕಬೇಕು: 128,450,000. ಈಗ ಉತ್ತರ ಕಣ್ಣಿಗೇ ಕಾಣುತ್ತದೆ: 128.45 ಮಿಲಿಯನ್ ರೂಪಾಯಿ. ಕೋಟಿಯಲ್ಲಿ ಹೇಳುವುದಾದರೆ 12.845. ಅನುಭವಿಗಳು ಈ ನಡುವಿನ ಹೆಜ್ಜೆಯನ್ನು ಬಿಟ್ಟು ದಶಮಾಂಶ ಬಿಂದುವನ್ನು ಮನಸ್ಸಿನಲ್ಲಿಯೇ ಸರಿಸುತ್ತಾರೆ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟಿದವು.

ಇಂತಹ ತಪ್ಪು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ತಲೆಬರಹದ ‘ಲಕ್ಷ’ವನ್ನು ‘ಮಿಲಿಯನ್’ ಎಂದು ಬರೆದು ಅಂಕಿಗಳನ್ನು ಹಾಗೆಯೇ ಉಳಿಸಿದರೆ, ಪಟ್ಟಿಯ ಎಲ್ಲ ಸಾಲುಗಳೂ ಸಮನಾಗಿ ಹತ್ತು ಪಟ್ಟು ಹಿಗ್ಗುತ್ತವೆ. ಕೂಡಿಸಿದರೆ ಮೊತ್ತ ತಾಳೆಯಾಗುತ್ತದೆ. ಶೇಕಡಾವಾರು ಲೆಕ್ಕವೂ ಸರಿಬರುತ್ತದೆ. ಪಟ್ಟಿಯ ಹೊರಗಿನ ಒಂದು ಅಳತೆಯಿಂದ ಭಾಗಿಸಿದಾಗ ಮಾತ್ರ ದೋಷ ಹೊರಬೀಳುತ್ತದೆ. ಮೇಲಿನ ಮಾದರಿಯಲ್ಲಿ ಅಚ್ಚುಕಟ್ಟು ಪ್ರದೇಶ 2,000 ಹೆಕ್ಟೇರ್ ಎಂದಿಟ್ಟುಕೊಂಡರೆ ಹೆಕ್ಟೇರಿಗೆ ಬೀಳುವ ವೆಚ್ಚ ರೂ. 64,225. ತಪ್ಪು ಅನುವಾದದಲ್ಲಿ ಅದು ರೂ. 6,42,250 ಆಗುತ್ತದೆ. ಆ ಕೆಲಸದ ದರಗಳನ್ನು ಬಲ್ಲ ಯಾರಾದರೂ ಇಲ್ಲಿ ಹುಬ್ಬೇರಿಸುತ್ತಾರೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ನಿಖರತೆಯ ಪ್ರಶ್ನೆಯೂ ಏಳುತ್ತದೆ. ‘1.2 ಬಿಲಿಯನ್’ ಎಂಬುದನ್ನು ‘120 ಕೋಟಿ’ ಎನ್ನುವುದು ಸರಿ. ‘120.00 ಕೋಟಿ’ ಎಂದರೆ ಮೂಲದಲ್ಲಿಲ್ಲದ ಖಚಿತತೆಯನ್ನು ಅನುವಾದಕನೇ ಸೇರಿಸಿದಂತಾಗುತ್ತದೆ. ಕೃಷ್ಣಾ ಮೇಲ್ದಂಡೆಯಂತಹ, ವಿಶ್ವಬ್ಯಾಂಕಿನ ನೆರವು ಪಡೆದ ಯೋಜನೆಗಳ ದಾಖಲೆಗಳಲ್ಲಿ ಡಾಲರ್ ಮೊತ್ತಗಳೂ ಬರುತ್ತವೆ. ಅಲ್ಲಿ ‘25 ಮಿಲಿಯನ್ ಡಾಲರ್’ ಎಂದಿದ್ದರೆ ‘2.5 ಕೋಟಿ ಡಾಲರ್’ ಎಂದು ನಿಲ್ಲಿಸಬೇಕು. ರೂಪಾಯಿಗೆ ಪರಿವರ್ತಿಸುವುದು ಬೇರೆಯೇ ಕೆಲಸ. ಅದಕ್ಕೆ ದಿನಾಂಕವೂ ವಿನಿಮಯ ದರವೂ ಬೇಕು.

ಹಳೆಯ ಗ್ರಂಥಗಳೊಡನೆ ಕೆಲಸ ಮಾಡುವ ಸಂಶೋಧಕರು ಇನ್ನೊಂದನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ಬಿಲಿಯನ್ ಎಂದರೆ ಹಿಂದೆ ಮಿಲಿಯನ್ ಮಿಲಿಯನ್, ಅಂದರೆ ಒಂದು ಲಕ್ಷ ಕೋಟಿ. ಅಲ್ಲಿಯ ಸರ್ಕಾರ 1974ರಲ್ಲಿ ಅಧಿಕೃತ ಅಂಕಿಗಳಲ್ಲಿ ಅಮೆರಿಕದ ಅರ್ಥವನ್ನು, ಅಂದರೆ ನೂರು ಕೋಟಿಯನ್ನು, ಒಪ್ಪಿಕೊಂಡಿತು. ಅದಕ್ಕೆ ಮೊದಲಿನ ಬ್ರಿಟಿಷ್ ಪುಸ್ತಕದಲ್ಲಿ ಈ ಪದ ಕಂಡರೆ ಸಂದರ್ಭವನ್ನು ನೋಡದೆ ಅನುವಾದಿಸುವಂತಿಲ್ಲ. ವ್ಯತ್ಯಾಸ ಸಾವಿರ ಪಟ್ಟಿನದು.

ಕನ್ನಡದಲ್ಲಿ ಬಿಲಿಯನ್ನಿಗೆ ಯಾವ ಪದವನ್ನು ಬಳಸಬೇಕು? ಕೆಲವರು ಹಿಂದಿಯ ‘ಅರಬ್’ ಅನ್ನು ನೆನೆದು ‘ಅರ್ಬುದ’ ಎಂದು ಬರೆಯುತ್ತಾರೆ. ಇದು ಅಪಾಯಕಾರಿ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಅರ್ಬುದವೆಂದರೆ ಹತ್ತು ಕೋಟಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅದೇ ಪದಕ್ಕೆ ಸಾವಿರ ಕೋಟಿಯ ಬೆಲೆ. ಹಿಂದಿಯ ಅರಬ್ ಇವೆರಡರ ನಡುವಿನ ನೂರು ಕೋಟಿ. ಒಂದೇ ಮೂಲದ ಪದಕ್ಕೆ ಮೂರು ಬೆಲೆಗಳಿರುವಾಗ ಲೆಕ್ಕಪತ್ರದಲ್ಲಿ ಅದಕ್ಕೆ ಸ್ಥಳವಿಲ್ಲ.

ಆದರೆ ಮಹಾವೀರಾಚಾರ್ಯನ ಅದೇ ಪಟ್ಟಿಯಲ್ಲಿ ನಮಗೆ ಬೇಕಾದುದೂ ಇದೆ. ಆತ ಕೊಡುವ 24 ಸ್ಥಾನಗಳಲ್ಲಿ ಏಳನೆಯದು ದಶಲಕ್ಷ, ಹತ್ತನೆಯದು ಶತಕೋಟಿ. ಮೊದಲನೆಯದು ತಪ್ಪದೆ ಮಿಲಿಯನ್, ಎರಡನೆಯದು ತಪ್ಪದೆ ಇಂದಿನ ಬಿಲಿಯನ್. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಗೆ ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಇಂಗ್ಲಿಷ್ ಘಟಕವನ್ನು ಹೆಸರಿನಿಂದಲೇ ಸೂಚಿಸಬೇಕಾದ ಒಪ್ಪಂದ, ಪದಕೋಶ ಮೊದಲಾದ ಕಡೆಗಳಲ್ಲಿ ಈ ಎರಡು ಪದಗಳನ್ನು ಬಳಸುವುದು ಉಚಿತ. ಉಳಿದಂತೆ ಮೊತ್ತ ಹೇಳುವಲ್ಲಿ ‘ಮೂರು ಶತಕೋಟಿ’ಗಿಂತ ‘300 ಕೋಟಿ’ಯೇ ಓದುಗನಿಗೆ ಬೇಗ ತಲುಪುತ್ತದೆ.